ಗೋಡೆ ಮಲಗಿಸಿದರೆ ತರ್ಟಿ–ಫಾರ್ಟಿ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದಿಂದ ಹಿಡಿದು ಕೆಂಗೇರಿ ಉಪನಗರದವರೆಗೆ, ಬೆಂಗಳೂರಿನ ಈ ಪಶ್ಚಿಮ ಭಾಗದಲ್ಲಿ ಯಾರಾದರೂ ಇಬ್ಬರು ಸೈಟಿನ ಮಾತು ಎತ್ತಿದರೆಂದರೆ ಹೆಚ್ಚು ಹೊತ್ತಾಗುವ ಮೊದಲೇ ಒಂದು ಅಳತೆ ಕಿವಿಗೆ ಬಿದ್ದೇ ಬೀಳುತ್ತದೆ: ತರ್ಟಿ–ಫಾರ್ಟಿ. 30 ಅಡಿ ಅಗಲ, 40 ಅಡಿ ಉದ್ದ, ಒಟ್ಟು 1,200 ಚದರಡಿ. ಮನೆ ಕಟ್ಟುವವರ ಬಾಯಲ್ಲಿ ಅದೇ ಹನ್ನೆರಡು ಚದರ. 1945ರಲ್ಲಿ ಶುರುವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹೋಗಿ 1976ರಲ್ಲಿ ಬಿಡಿಎ ಬಂತು. ಊರು ಮಾಗಡಿ ರಸ್ತೆ, ಮೈಸೂರು ರಸ್ತೆ ಹಿಡಿದು ಎಲ್ಲಿಂದೆಲ್ಲಿಗೋ ಬೆಳೆಯಿತು. ತರ್ಟಿ–ಫಾರ್ಟಿ ಮಾತ್ರ ಜನರ ಬಾಯಿಂದ ಹೋಗಲಿಲ್ಲ.

ಈ ಸೈಟಿಗೆ ಪಾಯ ಗುರುತು ಹಾಕುವ ದಿನ ಮೇಸ್ತ್ರಿ ಏನು ಮಾಡುತ್ತಾನೆ ಎಂದು ನಿಂತು ನೋಡಿದವರಿಗೆ ಗೊತ್ತಿರುತ್ತದೆ. ನಾಲ್ಕು ಮೂಲೆಗೆ ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿ ಎಳೆಯುವ ಮೊದಲು ಟೇಪಿನ ಒಂದು ತುದಿಯನ್ನು ಹುಡುಗನ ಕೈಗೆ ಕೊಟ್ಟು ಒಂದು ಮೂಲೆಯಿಂದ ಎದುರು ಮೂಲೆಗೆ ಅಡ್ಡಡ್ಡ ಅಳೆಯುತ್ತಾನೆ. 50 ಅಡಿ ಬರಬೇಕು. ಆಮೇಲೆ ಉಳಿದೆರಡು ಮೂಲೆಗಳ ನಡುವೆ ಅಳೆಯುತ್ತಾನೆ. ಅಲ್ಲೂ 50 ಬರಬೇಕು. ಒಂದು ಕಡೆ 49 ಅಡಿ 9 ಅಂಗುಲ, ಇನ್ನೊಂದು ಕಡೆ 50 ಅಡಿ 3 ಅಂಗುಲ ಬಂತೆಂದರೆ ನಾಲ್ಕೂ ಬದಿಯ ಅಳತೆ ಸರಿಯಿದ್ದರೂ ಮೂಲೆ ಮಟ್ಟವಿಲ್ಲ, ಸೈಟು ಓರೆಯಾಗಿದೆ ಎಂದರ್ಥ. 30ರ ವರ್ಗ 900, 40ರ ವರ್ಗ 1,600. ಎರಡೂ ಕೂಡಿದರೆ 2,500. ಅದರ ವರ್ಗಮೂಲ 50. ಶಾಲೆಯಲ್ಲಿ ನಾವು ಇದನ್ನು ಪೈಥಾಗೊರಸನ ಹೆಸರಿನಲ್ಲಿ ಕಲಿತೆವು. ಆಯತದ ಕರ್ಣದ ಮೇಲಿನ ಚೌಕವು ಎರಡು ಬದಿಗಳ ಮೇಲಿನ ಚೌಕಗಳ ಮೊತ್ತಕ್ಕೆ ಸಮ ಎಂದು ಬೌಧಾಯನ ಶುಲ್ಬಸೂತ್ರವೂ ಹೇಳುತ್ತದೆ. ಅಲ್ಲಿಯೂ ಅದು ಹಗ್ಗ ಹಿಡಿದು ನೆಲದ ಮೇಲೆ ಗುರುತು ಹಾಕುವವರ ಮಾತೇ.

ನೆಲದ ಮೇಲೆ ಇಷ್ಟು ಸುಲಭವಾಗಿ ಸಿಗುವ ಈ 50ನ್ನು ಇವತ್ತು ಗೋಡೆ ಹತ್ತಿಸೋಣ.

ಕಾಮಾಕ್ಷಿಪಾಳ್ಯದ ಕಡೆ ಇರುವಂಥ ಒಂದು ಸಣ್ಣ ವರ್ಕ್‌ಶಾಪ್ ಕಟ್ಟಡವನ್ನು ಕಣ್ಣಮುಂದೆ ತಂದುಕೊಳ್ಳಿ. 40 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ. ಮೇಲೆ ಸಪಾಟಾದ ಆರ್‌ಸಿಸಿ ಚಾವಣಿ. ಲೆಕ್ಕ ಸಲೀಸಾಗಲೆಂದು ಸದ್ಯಕ್ಕೆ ಪ್ಯಾರಪೆಟ್ ಗೋಡೆ ಇಲ್ಲ ಎಂದಿಟ್ಟುಕೊಳ್ಳೋಣ. ನೀವು 40 ಅಡಿ ಉದ್ದದ ಗೋಡೆಗೆ ಮುಖ ಮಾಡಿ ರಸ್ತೆಯಲ್ಲಿ ನಿಂತಿದ್ದೀರಿ. ನಿಮ್ಮ ಎಡಗೈ ಬದಿಗೆ, ಆ ಗೋಡೆಯ ಬುಡದ ಮೂಲೆಯಲ್ಲಿ ಒಂದು ಪೆಟ್ಟಿಗೆಯಿದೆ. ಅಲ್ಲಿಂದ ಕೇಬಲ್ ಹೊರಡಬೇಕು. ಅದು ತಲುಪಬೇಕಾದದ್ದು ಚಾವಣಿಯ ಮೇಲೆ, ಬಲಗೈ ಬದಿಯ ಹಿಂದಿನ ಮೂಲೆಗೆ. ಅಂದರೆ ಈ ಮೂಲೆಗೆ ಎಲ್ಲ ರೀತಿಯಲ್ಲೂ ಎದುರಾದ ಮೂಲೆಗೆ: ಆ ತುದಿಗೂ ಹೋಗಬೇಕು, ಹಿಂದಕ್ಕೂ ಹೋಗಬೇಕು, ಮೇಲಕ್ಕೂ ಹೋಗಬೇಕು. ಗೋಡೆ ಕೊರೆದು ಒಳಗಿಂದ ಎಳೆಯುವಂತಿಲ್ಲ, ಗಾಳಿಯಲ್ಲಿ ತೂಗುಬಿಡುವಂತಿಲ್ಲ. ಕಟ್ಟಡದ ಮೈಗೆ ಅಂಟಿಕೊಂಡೇ ಸಾಗಬೇಕು. ಕನಿಷ್ಠ ಎಷ್ಟು ಅಡಿ ಕೇಬಲ್ ಬೇಕು?

ಅಂಚು ಹಿಡಿದು ಹೋದರೆ 40, 20, 10 ಕೂಡಿ 70 ಅಡಿ. ಇದು ಕಡಿಮೆಯಲ್ಲ ಎಂದು ಯಾರಿಗೂ ತಿಳಿಯುತ್ತದೆ. ಸ್ವಲ್ಪ ಯೋಚಿಸುವವರು ಮೊದಲು ಗೋಡೆಯ ಮೇಲೆ ನೆಟ್ಟಗೆ 10 ಅಡಿ ಏರಿ, ಆಮೇಲೆ ಚಾವಣಿಯ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡ ಹಾಯಬಹುದು ಎನ್ನುತ್ತಾರೆ. ಚಾವಣಿಯ ಕರ್ಣ 44 ಅಡಿ ಮುಕ್ಕಾಲಿನ ಹತ್ತಿರ ಬರುತ್ತದೆ. ಒಟ್ಟು ಸುಮಾರು 54 ಅಡಿ 9 ಅಂಗುಲ. ಇನ್ನು ಕೆಲವರು ಗೋಡೆಯನ್ನೇ ಓರೆಯಾಗಿ ದಾಟಿ, ಮೇಲಿನ ಬಲ ಮೂಲೆಗೆ ಹೋಗಿ, ಅಲ್ಲಿಂದ ಚಾವಣಿಯ ಅಂಚಿನಲ್ಲಿ 20 ಅಡಿ ಹಿಂದಕ್ಕೆ ಹೋಗುತ್ತಾರೆ. ಅದು 61 ಅಡಿ ದಾಟುತ್ತದೆ. ಹತ್ತನೇ ತರಗತಿಯ ಮಕ್ಕಳನ್ನು ಕೇಳಿದರೆ ತಟ್ಟನೆ ಒಂದು ಸೂತ್ರ ಬರುತ್ತದೆ: ಉದ್ದದ ವರ್ಗ, ಅಗಲದ ವರ್ಗ, ಎತ್ತರದ ವರ್ಗ ಕೂಡಿ ವರ್ಗಮೂಲ ತೆಗೆಯುವುದು. ಹಾಗೆ ಮಾಡಿದರೆ 45 ಅಡಿ 10 ಅಂಗುಲ ಬರುತ್ತದೆ. ಸೂತ್ರ ಸರಿಯೇ, ಆದರೆ ಅದು ಕೋಣೆಯೊಳಗೆ ಇಡಬಹುದಾದ ಅತಿ ಉದ್ದದ ಕೋಲಿನ ಅಳತೆ. ಕೋಲು ಕೋಣೆಯ ನಡುವೆ ಗಾಳಿಯಲ್ಲಿ ಹಾದುಹೋಗುತ್ತದೆ. ನಮ್ಮ ಕೇಬಲ್ಲಿಗೆ ಆ ದಾರಿ ಇಲ್ಲ.

ಈಗ ಕಟ್ಟಡಕ್ಕೆ ಕೈ ಹಾಕೋಣ. ನಿಮ್ಮ ಮುಂದಿರುವ ಆ 40 ಅಡಿ ಉದ್ದದ ಗೋಡೆಯನ್ನು, ಚಾವಣಿಯ ಅಂಚಿಗೆ ಕೀಲು ಹಾಕಿದ ಬಾಗಿಲಿನ ಹಾಗೆ ಎತ್ತಿ. ಬುಡ ನೆಲ ಬಿಟ್ಟು ಮೇಲೇರುತ್ತಾ ಬಂದು, ಕೊನೆಗೆ ಇಡೀ ಗೋಡೆ ಚಾವಣಿಯ ಮಟ್ಟಕ್ಕೆ ಬಂದು ರಸ್ತೆಯ ಕಡೆಗೆ ಚಾಚಿಕೊಂಡು ನಿಲ್ಲುತ್ತದೆ. ಈಗ ಚಾವಣಿಯ 20 ಅಡಿ ಅಗಲಕ್ಕೆ ಗೋಡೆಯ 10 ಅಡಿ ಸೇರಿ 30 ಅಡಿ ಆಯಿತು. ಉದ್ದ ಹೇಗೂ 40. ನಮ್ಮೆದುರು ಬಿಚ್ಚಿಕೊಂಡಿರುವುದು ಅಚ್ಚುಕಟ್ಟಾದ ಒಂದು ತರ್ಟಿ–ಫಾರ್ಟಿ ಸೈಟು! ಕೇಬಲ್ ಹೊರಡುವ ಮೂಲೆ ಈ ಸೈಟಿನ ಒಂದು ಮೂಲೆಗೆ ಬಂದಿದೆ, ತಲುಪಬೇಕಾದ ಮೂಲೆ ಅದರ ಎದುರು ಮೂಲೆಯಲ್ಲಿದೆ. ಮೇಸ್ತ್ರಿ ಟೇಪು ಹಿಡಿದು ಅಳೆದ ಅದೇ ಗೆರೆ, ಅದೇ 50 ಅಡಿ.

ಗೋಡೆಯನ್ನು ಎತ್ತಿ ಅಳೆದದ್ದು ಗೋಡೆ ನಿಂತಿರುವಾಗ ಹೇಗೆ ಸರಿಹೋಗುತ್ತದೆ ಎಂದು ನೀವು ಕೇಳಬಹುದು. ಗೋಡೆ ಎತ್ತುವಾಗ ಅದು ಹಿಗ್ಗಲಿಲ್ಲ, ಕುಗ್ಗಲಿಲ್ಲ. ಗೋಡೆಯ ಮೇಲೆ ಬರೆದ ಗೆರೆಯ ಉದ್ದ ಹಾಗೇ ಇದೆ, ಚಾವಣಿಯ ಮೇಲಿನ ಗೆರೆಯ ಉದ್ದವೂ ಹಾಗೇ ಇದೆ, ಎರಡೂ ಕೂಡುವ ಅಂಚಂತೂ ಕದಲಲೇ ಇಲ್ಲ. ಆದ್ದರಿಂದ ಈ ಗೋಡೆ, ಈ ಚಾವಣಿ ಇವೆರಡರ ಮೇಲೆಯೇ ಹೋಗುವ ಯಾವುದೇ ಕೇಬಲ್ಲನ್ನು ತೆಗೆದುಕೊಂಡರೂ, ಗೋಡೆ ನಿಂತಾಗ ಎಷ್ಟು ಉದ್ದವೋ ಮಲಗಿದಾಗಲೂ ಅಷ್ಟೇ ಉದ್ದ. ಮಲಗಿದ ಮೇಲೆ ಎಲ್ಲವೂ ಒಂದೇ ಸಮತಲ. ಸಮತಲದಲ್ಲಿ ನೇರ ಗೆರೆಗಿಂತ ಹತ್ತಿರದ ದಾರಿಯಿಲ್ಲ. ಗೋಡೆಯನ್ನು ಮತ್ತೆ ಇಳಿಸಿದಾಗ ಆ ಗೆರೆ ಅಂಚಿನ ಹತ್ತಿರ ಮಡಚಿಕೊಳ್ಳುತ್ತದೆ, ಅಷ್ಟೆ.

ಎಲ್ಲಿ ಮಡಚಿಕೊಳ್ಳುತ್ತದೆ ಎಂಬುದು ಕೆಲಸಗಾರನಿಗೆ ಬೇಕಾದ ಸಂಗತಿ. 30 ಅಡಿ ಅಗಲಕ್ಕೆ 40 ಅಡಿ ಉದ್ದ ಸಾಗುವ ಗೆರೆ, ಮೊದಲ 10 ಅಡಿಗೆ ಅದರ ಮೂರನೇ ಒಂದು ಪಾಲು ಸಾಗಿರುತ್ತದೆ, ಅಂದರೆ 13 ಅಡಿ 4 ಅಂಗುಲ. ಚಾವಣಿಯ ಅಂಚಿನಲ್ಲಿ ಎಡ ಮೂಲೆಯಿಂದ 13 ಅಡಿ 4 ಅಂಗುಲಕ್ಕೆ ಗುರುತು ಹಾಕಿ, ಬುಡದ ಮೂಲೆಯಿಂದ ಆ ಗುರುತಿಗೆ ಗೋಡೆಯ ಮೇಲೆ ನೇರವಾಗಿ ಎಳೆದರೆ 16 ಅಡಿ 8 ಅಂಗುಲ. ಅಲ್ಲಿಂದ ಚಾವಣಿಯ ಮೇಲೆ ಎದುರು ಮೂಲೆಗೆ 33 ಅಡಿ 4 ಅಂಗುಲ. ಕೂಡಿ ನೋಡಿ, ಸರಿಯಾಗಿ 50.

ಗೆರೆ ಸರಿಯಾದ ಜಾಗದಲ್ಲಿ ದಾಟಿದೆಯೇ ಎಂದು ಪರೀಕ್ಷಿಸಲು ಗೋಡೆಯನ್ನು ಎತ್ತಬೇಕಾಗಿಯೂ ಇಲ್ಲ. ಗೋಡೆಯ ಮೇಲೆ ಈ ಕೇಬಲ್ 3 ಅಡಿ ಏರುವಷ್ಟರಲ್ಲಿ 4 ಅಡಿ ಬಲಕ್ಕೆ ಸರಿದಿರುತ್ತದೆ. ಚಾವಣಿಯ ಮೇಲೂ 3 ಅಡಿ ಹಿಂದಕ್ಕೆ ಹೋಗುವಷ್ಟರಲ್ಲಿ 4 ಅಡಿ ಬಲಕ್ಕೆ ಸರಿಯುತ್ತದೆ. ಅಂಚಿಗೆ ಬರುವಾಗ ಮಾಡಿದ ಕೋನವೂ ಅಂಚು ದಾಟಿದ ಮೇಲೆ ಮಾಡುವ ಕೋನವೂ ಒಂದೇ ಆಗಿರಬೇಕು. ಗೋಡೆಯ ಮೇಲೆ ಒಂದು ಓರೆ, ಚಾವಣಿಯ ಮೇಲೆ ಬೇರೆ ಓರೆ ಕಂಡಿತೆಂದರೆ ಅದು ಹತ್ತಿರದ ದಾರಿ ಅಲ್ಲ.

ಇಲ್ಲಿ ಒಂದು ವಿಚಾರ ನನಗೆ ಸೂತ್ರಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಆ 13 ಅಡಿ 4 ಅಂಗುಲದ ಗುರುತು ತಪ್ಪಿದರೆ ನಷ್ಟವೆಷ್ಟು? ಕಣ್ಣಳತೆಯಲ್ಲಿ 10 ಅಡಿಗೆ ಗುರುತು ಹಾಕಿದಿರಿ ಎನ್ನಿ. ಗೋಡೆಯ ಮೇಲೆ ಅದು ನೋಡಲು ಚೆಂದದ 45 ಡಿಗ್ರಿ ಓರೆ. ಗೋಡೆಯ ಪಾಲು 14.14 ಅಡಿ, ಚಾವಣಿಯ ಪಾಲು 36.06 ಅಡಿ, ಒಟ್ಟು 50.20. ಮೂರು ಅಡಿಗೂ ಮಿಗಿಲಾಗಿ ಗುರುತು ತಪ್ಪಿದ್ದಕ್ಕೆ ದಂಡ ಎರಡೂವರೆ ಅಂಗುಲವೂ ಇಲ್ಲ! ಅಂಚಿನ ನಟ್ಟನಡುವೆ, 20 ಅಡಿಗೆ ದಾಟಿದರೂ ಒಟ್ಟು 50.64 ಅಡಿ, ಎಂಟು ಅಂಗುಲದೊಳಗೇ ನಷ್ಟ. ಅತ್ಯಂತ ಕಡಿಮೆ ಎನ್ನುವ ಬಿಂದುವಿನ ಆಸುಪಾಸಿನಲ್ಲಿ ಲೆಕ್ಕ ಹೀಗೇ ಮಂದವಾಗಿರುತ್ತದೆ, ಅತ್ತಿತ್ತ ಸರಿದರೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ನಿಜವಾದ ನಷ್ಟ ಆಗುವುದು ಎಲ್ಲಿ ದಾಟಬೇಕು ಎಂಬಲ್ಲಿ ಅಲ್ಲ, ಯಾವ ಅಂಚನ್ನು ದಾಟಬೇಕು ಎಂಬಲ್ಲಿ.

ಏಕೆಂದರೆ ನಾವು ಎತ್ತಬಹುದಾಗಿದ್ದದ್ದು ಮುಂದಿನ ಗೋಡೆಯೊಂದೇ ಅಲ್ಲ. ಕೇಬಲ್ ಹೊರಡುವ ಮೂಲೆಗೆ ಎಡಬದಿಯ ಕಿರುಗೋಡೆಯೂ ಸೇರುತ್ತದೆ, 20 ಅಡಿ ಅಗಲ, 10 ಅಡಿ ಎತ್ತರದ್ದು. ಅದನ್ನು ಎತ್ತಿ ಚಾವಣಿಯ ಮಟ್ಟಕ್ಕೆ ತಂದರೆ ಚಾವಣಿಯ 40 ಅಡಿ ಉದ್ದಕ್ಕೆ 10 ಸೇರಿ 50 ಆಗುತ್ತದೆ, ಅಗಲ 20. ಈಗ ಸಿಗುವುದು 20ಕ್ಕೆ 50ರ ಆಯತ, ಅದರ ಕರ್ಣ 53 ಅಡಿ 10 ಅಂಗುಲ. ಇನ್ನೊಂದು ದಾರಿಯಲ್ಲಿ ಚಾವಣಿಯ ಗೊಡವೆಯೇ ಇಲ್ಲ. ಮುಂದಿನ ಗೋಡೆಯ ಮೇಲೆ ಓರೆಯಾಗಿ ಏರುತ್ತಾ ಹೋಗಿ, ಬಲ ಮೂಲೆಯಲ್ಲಿ ತಿರುಗಿ, ಬಲಬದಿಯ ಕಿರುಗೋಡೆಯ ಮೇಲೆ ಅದೇ ಓರೆಯಲ್ಲಿ ಏರಿ ತುದಿ ಮುಟ್ಟುವುದು. ಎರಡು ಗೋಡೆಗಳನ್ನು ಒಂದೇ ಸಾಲಿಗೆ ಬಿಡಿಸಿದರೆ ಉದ್ದ 60, ಎತ್ತರ 10. ಕರ್ಣ 60 ಅಡಿ 10 ಅಂಗುಲ. ಹೀಗೆ ಮೂರು ಬಿಡಿಸುವ ಬಗೆ, ಮೂರು ನೇರ ಗೆರೆ, ಮೂರು ಉತ್ತರ. ನಡುವಿನದನ್ನು ಆರಿಸಿಕೊಂಡರೆ ಸುಮಾರು 4 ಅಡಿ ಕೇಬಲ್ ಹೆಚ್ಚಿಗೆ ಹೋಯಿತು, ಕೊನೆಯದನ್ನು ಆರಿಸಿಕೊಂಡರೆ ಸುಮಾರು 11 ಅಡಿ.

ಮುಚ್ಚಿದ ಪೆಟ್ಟಿಗೆಯಾದರೆ ತಳವೂ ಲೆಕ್ಕಕ್ಕೆ ಬರುತ್ತದೆ. ಆಗ ದಾರಿಗಳು ಆರಾಗುತ್ತವೆ. ಆದರೆ ಎದುರುಬದುರು ಮುಖಗಳು ಒಂದೇ ಅಳತೆಯವಾದ್ದರಿಂದ ಆ ಆರು ದಾರಿಗಳು ಎರಡೆರಡು ಜೋಡಿಯಾಗಿ ಇದೇ ಮೂರು ಉದ್ದಗಳಿಗೆ ಬಂದು ನಿಲ್ಲುತ್ತವೆ. ಕಟ್ಟಡದ ತಳ ನೆಲದಲ್ಲಿ ಕೂತಿರುವುದರಿಂದ ನಮ್ಮ ಕೇಬಲ್ಲಿಗೆ ಅದು ಬೇಡ.

ಈ ಮೂರರಲ್ಲಿ ಚಿಕ್ಕದು ಯಾವುದೆಂದು ಪ್ರತಿ ಸಲವೂ ಮೂರನ್ನೂ ಲೆಕ್ಕ ಹಾಕಿ ನೋಡಬೇಕೇ? ಬೇಕಿಲ್ಲ. ಮೊದಲನೆಯದರಲ್ಲಿ 40 ಒಂಟಿಯಾಗಿತ್ತು, 20 ಮತ್ತು 10 ಕೂಡಿಕೊಂಡಿದ್ದವು. ಎರಡನೆಯದರಲ್ಲಿ 20 ಒಂಟಿ, ಮೂರನೆಯದರಲ್ಲಿ 10 ಒಂಟಿ. ಕೂಡಿದ ಸಂಖ್ಯೆಯ ವರ್ಗ ತೆಗೆದಾಗ ಎರಡೂ ಸಂಖ್ಯೆಗಳ ವರ್ಗಗಳ ಜೊತೆಗೆ ಅವುಗಳ ಗುಣಲಬ್ಧದ ಎರಡರಷ್ಟು ಬಂದು ಸೇರುತ್ತದೆ ಎಂಬುದು ಶಾಲೆಯ ಬೀಜಗಣಿತ. ಹಾಗಾಗಿ ಮೂರು ದಾರಿಗಳಿಗೂ ಒಂದು ಭಾಗ ಸಮಾನವಾಗಿ ಇದ್ದೇ ಇರುತ್ತದೆ: ಮೂರು ಅಳತೆಗಳ ವರ್ಗಗಳ ಮೊತ್ತ, ನಮ್ಮ ಕಟ್ಟಡಕ್ಕೆ 2,100. ಬೇರೆಯಾಗುವುದು ಮೇಲೆ ಸೇರುವ ಭಾಗ ಮಾತ್ರ. 20 ಮತ್ತು 10 ಕೂಡಿಕೊಂಡರೆ ಸೇರುವುದು 400. 40 ಮತ್ತು 10 ಕೂಡಿಕೊಂಡರೆ 800. 40 ಮತ್ತು 20 ಕೂಡಿಕೊಂಡರೆ 1,600. ಎರಡು ಚಿಕ್ಕ ಅಳತೆಗಳ ಗುಣಲಬ್ಧವೇ ಯಾವಾಗಲೂ ಕಡಿಮೆ. ಆದ್ದರಿಂದ ಎರಡು ಚಿಕ್ಕವನ್ನು ಕೂಡಿಸಿ, ದೊಡ್ಡದನ್ನು ಒಂಟಿಯಾಗಿ ಬಿಡಬೇಕು. ಬಾಯಿಲೆಕ್ಕದವರಿಗೆ ಇನ್ನೂ ಸುಲಭವಾಗಿ ಹೇಳುವುದಾದರೆ, ಕೇಬಲ್ ಕಟ್ಟಡದ ಅತಿ ಉದ್ದದ ಅಂಚನ್ನು ದಾಟಬೇಕು. ಅಂಚಿನ ಉದ್ದ ನೋಡಿದರೆ ಸಾಕು, ಯಾವ ಮುಖ ಬಿಡಿಸಬೇಕೆಂದು ಗೊತ್ತಾಗುತ್ತದೆ.

ಮೇಲೆ ಬಂದ 2,100ರ ವರ್ಗಮೂಲವೇ ಮಕ್ಕಳು ಹೇಳಿದ ಆ 45 ಅಡಿ 10 ಅಂಗುಲ ಎಂಬುದನ್ನು ಗಮನಿಸಿ. ಒಳಗಿಂದ ಹಾಯುವ ಕೋಲಿಗಿಂತ ಮೈಮೇಲಿನ ದಾರಿ ಉದ್ದವಾಗಲು ಕಾರಣ ಆ 400 ಮಾತ್ರ.

ರೇಡಿಯೋದಲ್ಲಿ ಚಿತ್ರ ಬರೆದು ತೋರಿಸಲಾಗುವುದಿಲ್ಲ. ಆದರೆ ಇದನ್ನು ಪರೀಕ್ಷಿಸುವ ಸಾಮಾನು ನಿಮ್ಮ ಮನೆಯಲ್ಲೇ ಇದೆ: ಟೂತ್‌ಪೇಸ್ಟಿನದೋ ಊದುಬತ್ತಿಯದೋ ಖಾಲಿ ರಟ್ಟಿನ ಡಬ್ಬಿ. ಅದರ ಉದ್ದದಲ್ಲಿ ಒಂದು ಅಂಚಿನ ಒಳಗೆ ಒಂದು ಬೆರಳಗಲದ ಪಟ್ಟಿಯನ್ನು ಅಂಟಿಸಿರುತ್ತಾರೆ. ಉಗುರಿನಿಂದ ಆ ಪೇಸ್ಟಿಂಗ್ ಬಿಡಿಸಿ ಡಬ್ಬಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡೈ ಹೊಡೆದಾಗ ಅದು ಹೇಗಿತ್ತೋ ಹಾಗೆ ಕಾಣುತ್ತದೆ: ನಾಲ್ಕು ಉದ್ದ ಮುಖಗಳು ಒಂದರ ಪಕ್ಕ ಒಂದು, ನಡುನಡುವೆ ಕ್ರೀಸಿಂಗ್ ಗೆರೆಗಳು, ಎರಡೂ ತುದಿಗೆ ಮಡಚಿ ತೂರಿಸುವ ಕಿವಿಗಳು. ಈ ಡಬ್ಬಿಗಳ ಕ್ರೀಸಿಂಗ್ ಎಲ್ಲ ಉದ್ದ ಅಂಚುಗಳ ಮೇಲೆಯೇ ಇರುವುದರಿಂದ ನಮಗೆ ಬೇಕಾದ ಜೋಡಿ, ಅಂದರೆ ಉದ್ದ ಅಂಚಿನಲ್ಲಿ ಕೂಡುವ ಎರಡು ಮುಖಗಳು, ಕತ್ತರಿ ಮುಟ್ಟದೆಯೇ ಪಕ್ಕಪಕ್ಕ ಸಿಗುತ್ತವೆ. ಅಳತೆಪಟ್ಟಿ ಇಟ್ಟು ಒಂದು ಮೂಲೆಯಿಂದ ಪಕ್ಕದ ಮುಖದ ಎದುರು ಮೂಲೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಡಬ್ಬಿಯನ್ನು ಮತ್ತೆ ಮಡಚಿ. ಗೆರೆ ಮೂಲೆಯಿಂದ ಹೊರಟು, ಅಂಚಿನಲ್ಲಿ ತಿರುಗಿ, ಎದುರು ಮೂಲೆಗೆ ಹೋಗಿ ಸೇರಿರುತ್ತದೆ. ಉಳಿದೆರಡು ದಾರಿಗಳಿಗೆ ಡಬ್ಬಿಯ ತುದಿಯ ಮುಖ ಬೇಕು. ತುದಿಯ ಕಿವಿಗಳಲ್ಲಿ ಪೂರ್ತಿ ಮುಖದ ಅಳತೆಗಿರುವುದು ಒಂದೋ ಎರಡೋ ಮಾತ್ರ, ಮಿಕ್ಕವು ಗಿಡ್ಡ. ಅವುಗಳ ಮೇಲೆ ಗೆರೆ ಎಳೆಯುವಾಗ ನೆನಪಿಡಬೇಕಾದದ್ದು, ಗೆರೆ ಎಲ್ಲಿಯೂ ರಟ್ಟು ಬಿಟ್ಟು ಮೇಜಿನ ಮೇಲೆ ಹಾಯಬಾರದು. ಹಾಯ್ದರೆ ಡಬ್ಬಿ ಮಡಚಿದಾಗ ಅಲ್ಲಿ ದಾರಿಯೇ ಇರುವುದಿಲ್ಲ.

ದಾರ ಜಗ್ಗಿ ಹಿಡಿದರೆ ಹತ್ತಿರದ ದಾರಿ ತಾನೇ ಸಿಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಅರ್ಧ ಸತ್ಯ. ಎರಡು ಎದುರು ಮೂಲೆಗಳಿಗೆ ದಾರ ಹಿಡಿದು ಬಿಗಿದರೆ ಅದು ತಾನು ಕೂತಿರುವ ಎರಡು ಮುಖಗಳ ಮಟ್ಟಿಗೆ ಹತ್ತಿರದ ದಾರಿಗೆ ಜಾರಿ ನಿಲ್ಲುತ್ತದೆ. ಕಿರುಗೋಡೆಯ ಮೇಲೆ ಹಾಕಿ ಬಿಗಿದ ದಾರ 53 ಅಡಿ 10 ಅಂಗುಲದ ಗೆರೆಯ ಮೇಲೆ ಗಟ್ಟಿಯಾಗಿ ನಿಂತುಬಿಡುತ್ತದೆ, ಎಷ್ಟು ಜಗ್ಗಿದರೂ ಮುಂದಿನ ಗೋಡೆಗೆ ಹಾರುವುದಿಲ್ಲ. ಕೋನದ ಪರೀಕ್ಷೆಯಲ್ಲೂ ಅದು ಪಾಸಾಗುತ್ತದೆ. ಆದ್ದರಿಂದ ದಾರವನ್ನೂ ಮೂರು ಸಲ ಹಾಕಿಯೇ ಅಳೆಯಬೇಕು.

ಮೂಲೆಯಿಂದ ಮೂಲೆಗೆ ಹೋಗುವಾಗ ಎರಡು ಮುಖ ಬಿಡಿಸಿದರೆ ಸಾಕು. ಹೊರಡುವ ಜಾಗ ಮೂಲೆ ಬಿಟ್ಟು ಮುಖದ ನಡುವೆ ಬಂತೆಂದರೆ ಮಾತ್ರ ಲೆಕ್ಕ ಆಟವಾಡಿಸುತ್ತದೆ. ಹೆನ್ರಿ ಡ್ಯೂಡನಿ ಎಂಬ ಇಂಗ್ಲಿಷ್ ಒಗಟುಗಾರ 1903ರಲ್ಲಿ ಪತ್ರಿಕೆಯೊಂದರಲ್ಲಿ ಹಾಕಿದ ಜೇಡ ಮತ್ತು ನೊಣದ ಲೆಕ್ಕ ಹೆಸರುವಾಸಿ. ಕೋಣೆ 30 ಅಡಿ ಉದ್ದ, 12 ಅಡಿ ಅಗಲ, 12 ಅಡಿ ಎತ್ತರ. ಒಂದು ತುದಿಯ ಗೋಡೆಯ ನಡುಭಾಗದಲ್ಲಿ, ಸೂರಿನಿಂದ 1 ಅಡಿ ಕೆಳಗೆ ಜೇಡ. ಎದುರು ತುದಿಯ ಗೋಡೆಯ ನಡುಭಾಗದಲ್ಲಿ, ನೆಲದಿಂದ 1 ಅಡಿ ಮೇಲೆ ನೊಣ. ಜೇಡ ನೆಟ್ಟಗೆ ಸೂರಿಗೇರಿ, ಸೂರು ದಾಟಿ, ಆ ಕಡೆ ಇಳಿದರೆ 1, 30, 11 ಸೇರಿ 42 ಅಡಿ. ಸರಿಯಾದ ಉತ್ತರ 40. ಆದರೆ ಅದಕ್ಕೆ ಜೇಡ ತುದಿಯ ಗೋಡೆ, ಸೂರು, ಪಕ್ಕದ ಗೋಡೆ, ನೆಲ, ಆ ತುದಿಯ ಗೋಡೆ ಹೀಗೆ ಆರರಲ್ಲಿ ಐದು ಮುಖಗಳನ್ನು ಮೆಟ್ಟಬೇಕು. ಬಿಡಿಸಿ ನೋಡಿದರೆ ಉದ್ದಕ್ಕೆ 32, ಅಡ್ಡಕ್ಕೆ 24. ಇದೂ ನಮ್ಮ ಮೂರು–ನಾಲ್ಕು–ಐದರ ಸಂತತಿಯೇ, ಎಂಟು ಪಟ್ಟು ಹಿಗ್ಗಿದ್ದು. ಹೊಸ ಜಾಗಕ್ಕೆ ಹೊಸದಾಗಿ ಬಿಡಿಸಬೇಕು. ಉದ್ದ ಅಂಚು ದಾಟು ಎಂಬ ನಮ್ಮ ಸೂತ್ರ ಇಲ್ಲಿ ನಡೆಯುವುದಿಲ್ಲ, ಅದು ಎದುರು ಮೂಲೆಗಳಿಗೆ ಮಾತ್ರ.

ಇದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಪೆಟ್ಟಿಗೆಯ ಒಂದು ಮೂಲೆಯಲ್ಲಿ ಇರುವೆಯಿದ್ದರೆ ಅದಕ್ಕೆ ಎಲ್ಲಕ್ಕಿಂತ ದೂರದ ಜಾಗ ಎದುರು ಮೂಲೆಯೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಎಲ್ಲ ಬದಿಯೂ ಸಮನಾದ ಘನದಲ್ಲಿ ಅದು ನಿಜ. ಆದರೆ 4 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ದಪ್ಪ, 8 ಸೆಂಟಿಮೀಟರ್ ಎತ್ತರದ ಡಬ್ಬಿಯೊಂದನ್ನು ಮಾಡಿ ನೋಡಿ. ತಳದ ಮೂಲೆಯಿಂದ ಮುಚ್ಚಳದ ಎದುರು ಮೂಲೆಗೆ ಹತ್ತಿರದ ದಾರಿ ನಮ್ಮ ಸೂತ್ರದಂತೆ 8ಕ್ಕೆ 8ರ ಚೌಕದ ಕರ್ಣ, 11.31 ಸೆಂಟಿಮೀಟರ್. ಈಗ ಮುಚ್ಚಳದ ಮೇಲೆ ಆ ಎದುರು ಮೂಲೆಯಿಂದ ಎರಡೂ ಅಂಚುಗಳಿಗೆ 1 ಸೆಂಟಿಮೀಟರ್ ಒಳಗೆ ಒಂದು ಚುಕ್ಕೆ ಇಡಿ. ಒಂದು ಗೋಡೆ ಹತ್ತಿ ನೇರ ಮುಚ್ಚಳಕ್ಕೆ ಹೋದರೆ ಉದ್ದಕ್ಕೆ 11, ಅಡ್ಡಕ್ಕೆ 3, ದೂರ 11.40. ಒಂದು ಗೋಡೆಯಿಂದ ಪಕ್ಕದ ಗೋಡೆಗೆ ತಿರುಗಿ ಆಮೇಲೆ ಮುಚ್ಚಳಕ್ಕೆ ಹೋದರೆ ಅಡ್ಡಕ್ಕೆ 7, ಎತ್ತರಕ್ಕೆ 9. 49 ಮತ್ತು 81 ಕೂಡಿ 130, ಅಲ್ಲಿಯೂ ಅದೇ 11.40! ಮೂಲೆಗಿಂತ ಮೂಲೆಯ ಈಚೆಗಿನ ಚುಕ್ಕೆ ದೂರವಾಯಿತು. ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ, ದಾರದಲ್ಲಿ ಅಳೆದರೆ ಸಿಕ್ಕುವಂಥದ್ದಲ್ಲ. ಲೆಕ್ಕದಲ್ಲಿ ಮಾತ್ರ ಸಿಗುತ್ತದೆ. ಜಪಾನಿನ ಯೋಶಿಯುಕಿ ಕೊಟಾನಿ ಎಂಬ ಗಣಿತಜ್ಞರ ಹೆಸರಿನಲ್ಲಿ ಇದು ಪ್ರಸಿದ್ಧ. ಕಾರಣ ಸರಳ. ಮುಚ್ಚಳದ ಮೂಲೆಗೆ ಬರುವ ದಾರಿಗಳಲ್ಲಿ ಒಂದು ಬಗೆಯದು ಉಳಿದವುಗಳಿಗಿಂತ ಹತ್ತಿರದ್ದು. ಚುಕ್ಕೆಯನ್ನು ಒಳಕ್ಕೆ ಸರಿಸಿದರೆ ಆ ಹತ್ತಿರದ ದಾರಿ ಉದ್ದವಾಗುತ್ತದೆ, ದೂರದ್ದು ಗಿಡ್ಡವಾಗುತ್ತದೆ. ಎರಡೂ ಸಮನಾಗುವ ಜಾಗದಲ್ಲಿ ಇರುವೆಗೆ ಯಾವ ಕಡೆಯಿಂದ ಹೋದರೂ ಲಾಭವಿಲ್ಲ.

ಮತ್ತೆ ಕಾಮಾಕ್ಷಿಪಾಳ್ಯಕ್ಕೆ ಬರೋಣ. ನಮ್ಮ ಎಲೆಕ್ಟ್ರಿಷಿಯನ್ನರು ಈ 50 ಅಡಿಯ ಗೆರೆ ಹಿಡಿದು ವೈರ್ ಎಳೆಯುತ್ತಾರೆಯೇ? ಎಳೆಯುವುದಿಲ್ಲ, ಎಳೆಯಲೂಬಾರದು. ಗೋಡೆಯ ಮೇಲಾಗಲಿ ಒಳಗಾಗಲಿ ಪೈಪು ನೆಟ್ಟಗೆ ಏರಬೇಕು, ಇಲ್ಲವೇ ಮಟ್ಟಸವಾಗಿ ಸಾಗಬೇಕು. ಸ್ವಿಚ್‌ಬೋರ್ಡ್ ಇದ್ದರೆ ಅದರ ನೇರ ಮೇಲೋ ಕೆಳಗೋ ವೈರ್ ಇರುತ್ತದೆ ಎಂಬ ಭರವಸೆಯ ಮೇಲೆಯೇ ಮುಂದೆ ಯಾರೋ ಡ್ರಿಲ್ ಹಿಡಿದು ಗೋಡೆಗೆ ಮೊಳೆ ಹೊಡೆಯುತ್ತಾರೆ. ಓರೆಯಾಗಿ ಹೋದ ವೈರ್ ಎಲ್ಲಿದೆ ಎಂದು ಹತ್ತು ವರ್ಷದ ನಂತರ ಹೇಳುವವರು ಇರುವುದಿಲ್ಲ. ಹೀಗಾಗಿ ಅವರ ಲೆಕ್ಕ ಯಾವಾಗಲೂ 70 ಅಡಿಯದೇ, ಮೇಲೆ ತುದಿಗಳಿಗೆಂದು ಒಂದಿಷ್ಟು ಹೆಚ್ಚಿಗೆ. ಚಾವಣಿಗೆ ಪ್ಯಾರಪೆಟ್ ಇದ್ದರಂತೂ ಅದರ ಹೊರಮೈ, ತಲೆಯ ದಪ್ಪ, ಒಳಮೈ ಮೂರನ್ನೂ ಪಟ್ಟಿಗಳಾಗಿ ಬಿಡಿಸಿ ಸೇರಿಸಬೇಕು. ಬಿಡಿಸುವ ಉಪಾಯ ಆಗಲೂ ನಡೆಯುತ್ತದೆ, ಆದರೆ ನಮ್ಮ 30 ಅಡಿ ಅಗಲ 30 ಆಗಿ ಉಳಿಯುವುದಿಲ್ಲ. ಆಗ ಕಟ್ಟಡವೇ ಶುದ್ಧ ಆಯತಘನವಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಈ ಲೆಕ್ಕ ಕೊಟ್ಟು ನೋಡಿ. ಒಂದು ಕಿರುಕೋಣೆ: 12 ಅಡಿ ಉದ್ದ, 7 ಅಡಿ ಅಗಲ, 9 ಅಡಿ ಎತ್ತರ. ನೆಲದ ಒಂದು ಮೂಲೆಯಿಂದ ಸೂರಿನ ಎದುರು ಮೂಲೆಗೆ ಇರುವೆ ಹೋಗಬೇಕು. 12ನ್ನು ಒಂಟಿಯಾಗಿ ಬಿಟ್ಟು 7 ಮತ್ತು 9 ಕೂಡಿಸಿದರೆ 16. ಉತ್ತರ ಸರಿಯಾಗಿ 20 ಅಡಿ. ಇರುವೆ ಉದ್ದಗೋಡೆ ಹತ್ತಿ ಹೋಗುವುದಾದರೆ, ಗೋಡೆಯೂ ಸೂರೂ ಕೂಡುವ ಅಂಚನ್ನು ತನ್ನ ಕಡೆಯ ಮೂಲೆಯಿಂದ 6 ಅಡಿ 9 ಅಂಗುಲದಲ್ಲಿ ದಾಟಬೇಕು. ಮೊದಲು ನೆಲದ ಮೇಲೆ ನಡೆದು ಆಮೇಲೆ ಎದುರಿನ ಉದ್ದಗೋಡೆ ಹತ್ತುವುದಾದರೂ 20 ಅಡಿಯೇ. ಆಗ ದಾಟುವ ಜಾಗ ಬೇರೆ. ಅದನ್ನು ಮಕ್ಕಳೇ ಹೇಳಲಿ.